ಇಂಗಿನ ಡಬ್ಬಿಯ ಹಿಂಬದಿಯಲ್ಲಿ ಏನಿದೆ? ಚಟ್ನಿಪುಡಿಗೆ ಆನ್‌ಲೈನ್ ವಿವರ ಬರೆಯುವ ಕ್ರಮ

ಮೈಸೂರು ಕಡೆಯ ಚಟ್ನಿಪುಡಿಯನ್ನು ಆನ್‌ಲೈನ್ ಅಂಗಡಿಗೆ ಹಾಕುವಾಗ ಮನೆಯಿಂದ ಮಾರುವವರು ಬರೆಯುವ ವಿವರ ಸಾಮಾನ್ಯವಾಗಿ ಹೀಗಿರುತ್ತದೆ: “ಬೇಳೆ, ಕೊಬ್ಬರಿ, ಮೆಣಸಿನಕಾಯಿ, ಮಸಾಲೆ, ಎಣ್ಣೆ, ಉಪ್ಪು. ತೂಕ ಸುಮಾರು 200 ಗ್ರಾಂ. ನಾಲ್ಕರಿಂದ ಆರು ತಿಂಗಳು ಬಾಳಿಕೆ. ತಂಪಾದ ಒಣ ಜಾಗದಲ್ಲಿಡಿ.”

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಯಾವ ಬೇಳೆ, ಯಾವ ಎಣ್ಣೆ ಎಂಬುದು ಇಲ್ಲಿ ಗೊತ್ತಾಗುವುದಿಲ್ಲ. ‘ಮಸಾಲೆ’ ಎಂಬ ಪದದ ಹಿಂದೆ ಗೋಧಿ ಅಡಗಿರಬಹುದು. ‘ಸುಮಾರು’ ಎಂಬ ಪದವನ್ನು ತೂಕದ ಜೊತೆ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ‘ನಾಲ್ಕರಿಂದ ಆರು ತಿಂಗಳು’ ಅಂದರೆ ನಿಜವಾದ ಅವಧಿಯನ್ನು ಯಾರೂ ಅಳೆದು ನೋಡಿಲ್ಲ ಎಂದರ್ಥ. ಅಂಗಡಿಯಲ್ಲಿ ಕೊಳ್ಳುವವರು ಪ್ಯಾಕೆಟ್ ತಿರುಗಿಸಿ ನೋಡಬಹುದು. ಮೊಬೈಲಿನಲ್ಲಿ ಕೊಳ್ಳುವವರಿಗೆ ನೀವು ಬರೆದದ್ದಷ್ಟೇ ಆಧಾರ. ಆದ್ದರಿಂದಲೇ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ತನ್ನ 2020ರ ಲೇಬಲಿಂಗ್ ನಿಯಮಗಳಲ್ಲಿ ಲೇಬಲ್ ಮೇಲಿನ ಕಡ್ಡಾಯ ವಿವರಗಳು ಮಾರಾಟಕ್ಕೆ ಮೊದಲೇ ಗ್ರಾಹಕರಿಗೆ ಸಿಗಬೇಕು ಎನ್ನುತ್ತದೆ. ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕದಂಥ ಪ್ರತಿ ಸಲ ಬದಲಾಗುವ ಸಂಗತಿಗಳಿಗೆ ಮಾತ್ರ ವಿನಾಯಿತಿ.

ಒಂದು ಚಟ್ನಿಪುಡಿಯನ್ನೇ ಮುಂದಿಟ್ಟುಕೊಂಡು ಇಡೀ ವಿವರವನ್ನು ಕಟ್ಟುತ್ತಾ ಹೋಗೋಣ.

ಮೊದಲು ತಕ್ಕಡಿ, ಆಮೇಲೆ ಬರವಣಿಗೆ

ಪದಾರ್ಥಗಳ ಪಟ್ಟಿಯನ್ನು ನೆನಪಿನಿಂದ ಬರೆಯಬಾರದು. ‘ಎರಡು ಪಾವು ಕಡಲೆಬೇಳೆ, ಒಂದು ಪಾವು ಉದ್ದಿನಬೇಳೆ, ಒಂದು ಹಿಡಿ ಮೆಣಸಿನಕಾಯಿ’ ಎಂಬ ಲೆಕ್ಕ ಅಡುಗೆಮನೆಗೆ ಸಾಕು, ಪಟ್ಟಿಗೆ ಸಾಲದು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಬರಬೇಕು. ಅದು ತಯಾರಿಕೆಯ ಹೊತ್ತಿನಲ್ಲಿ ಹಾಕಿದ ತೂಕ. ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಪಾತ್ರೆ ತುಂಬಾ ಕಾಣುತ್ತದೆ, ತೂಗಿದರೆ ಹಗುರ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಚಿಕ್ಕದಾಗಿ ಕಾಣುತ್ತದೆ, ತೂಗಿದರೆ ಭಾರ. ಕಣ್ಣಳತೆಯಲ್ಲಿ ಬರೆದ ಪಟ್ಟಿಯ ಕ್ರಮ ತಪ್ಪುವುದು ಇಂಥ ಕಡೆಗಳಲ್ಲೇ.

ಒಂದು ಕಿಲೋ ಸಾಮಗ್ರಿಯ ಒಂದು ಬ್ಯಾಚನ್ನು ಗ್ರಾಂ ಲೆಕ್ಕದಲ್ಲಿ ತೂಗಿದಾಗ ಹೀಗೆ ಬಂತು ಎಂದುಕೊಳ್ಳಿ: ಕಡಲೆಬೇಳೆ 400, ಉದ್ದಿನಬೇಳೆ 200, ಒಣ ಕೊಬ್ಬರಿ 150, ಬ್ಯಾಡಗಿ ಮೆಣಸಿನಕಾಯಿ 90, ಹುಣಸೆಹಣ್ಣು 50, ಬೆಲ್ಲ 45, ಉಪ್ಪು 40, ಹುರಿಯಲು ಗಾಣದ ಶೇಂಗಾ ಎಣ್ಣೆ 12, ನೆರಳಲ್ಲಿ ಒಣಗಿಸಿದ ಕರಿಬೇವು 8, ಇಂಗು 5. ಒಟ್ಟು 1000. ಈ ಹಾಳೆಯೇ ಮುಂದಿನ ಎಲ್ಲ ಮಾತಿಗೂ ಮೂಲ. ಇದಕ್ಕೆ ದಿನಾಂಕ, ಬ್ಯಾಚ್ ಸಂಖ್ಯೆ ಹಾಕಿ ಫೈಲಿನಲ್ಲಿ ಇಟ್ಟುಕೊಳ್ಳಿ.

ಈಗ ಪಟ್ಟಿ ಬರೆಯಬಹುದು. ಬರೀ ‘ಬೇಳೆ’ ಎಂದರೆ ಸಾಲದು. ಕಡಲೆಬೇಳೆ, ಉದ್ದಿನಬೇಳೆ ಬೇರೆಬೇರೆಯಾಗಿ ಬರಬೇಕು. ಬರೀ ‘ಎಣ್ಣೆ’ ಅಥವಾ ‘ಖಾದ್ಯ ಎಣ್ಣೆ’ ಎಂದರೂ ಸಾಲದು. ಯಾವ ಎಣ್ಣೆ ಎಂದು ಹೆಸರಿಸಲೇಬೇಕೆಂದು ನಿಯಮವಿದೆ. ಇಂಗಿನ ಮುಂದೆ ಮಾತ್ರ ಕಂಸ ತೆರೆಯಬೇಕಾಗುತ್ತದೆ. ಏಕೆಂದರೆ ಅಂಗಡಿಯಲ್ಲಿ ಸಿಗುವ ಇಂಗು ಒಂದೇ ಪದಾರ್ಥವಲ್ಲ.

ಇನ್ನೊಂದು ಸೂಕ್ಷ್ಮ. ಉತ್ಪನ್ನದ ಹೆಸರಲ್ಲೇ ‘ಕೊಬ್ಬರಿ ಚಟ್ನಿಪುಡಿ’ ಎಂದೋ ‘ಅಸಲಿ ಬ್ಯಾಡಗಿ’ ಎಂದೋ ಒಂದು ಪದಾರ್ಥವನ್ನು ಎತ್ತಿ ಹಿಡಿದರೆ, ಅದು ಶೇಕಡಾ ಎಷ್ಟಿದೆ ಎಂದೂ ಹೇಳಬೇಕು. ನಮ್ಮ ಹಾಳೆಯ ಪ್ರಕಾರ ಕೊಬ್ಬರಿ 15%, ಬ್ಯಾಡಗಿ 9%. ಹೇಳಲು ಮನಸ್ಸಿಲ್ಲದಿದ್ದರೆ ಹೆಸರಲ್ಲೂ ಅದನ್ನು ಮೆರೆಸಬಾರದು.

ಐದು ಗ್ರಾಂ ಇಂಗಿನೊಳಗಿನ ಗೋಧಿ

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ನಾವು ಬಳಸುವ ಪುಡಿ ಇಂಗು ಬಹುಮಟ್ಟಿಗೆ ‘ಸಂಯುಕ್ತ ಇಂಗು’. ನಿಜವಾದ ಇಂಗಿನ ರಾಳ ತುಂಬ ಖಾರವಾದ, ಅಂಟಾದ ವಸ್ತು. ಅದನ್ನು ಹಾಗೇ ಬಳಸುವುದು ಕಷ್ಟ. ಆದ್ದರಿಂದ ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಪುಡಿ ಮಾಡಿರುತ್ತಾರೆ. ಆ ಹಿಟ್ಟು ಕೆಲವು ಬ್ರಾಂಡಿನಲ್ಲಿ ಮೈದಾ, ಕೆಲವದರಲ್ಲಿ ಅಕ್ಕಿಹಿಟ್ಟು. ಡಬ್ಬಿಯ ಹಿಂಬದಿಯನ್ನು ಓದದೆ ಇದು ತಿಳಿಯುವುದಿಲ್ಲ.

ಇಲ್ಲಿ ತಯಾರಕರು ಎಡವುವುದಕ್ಕೆ ಒಂದು ನಿಯಮವೇ ಕಾರಣವಾಗುತ್ತದೆ. ಒಂದು ಸಂಯುಕ್ತ ಪದಾರ್ಥ ಒಟ್ಟು ಆಹಾರದ 5%ಕ್ಕಿಂತ ಕಡಿಮೆ ಇದ್ದರೆ, ಅದರೊಳಗಿನ ಘಟಕಗಳನ್ನು ಬಿಡಿಸಿ ಬರೆಯಬೇಕಿಲ್ಲ ಎಂಬ ರಿಯಾಯಿತಿ ಇದೆ. ಇಂಗು ನಮ್ಮ ಪುಡಿಯಲ್ಲಿ ಕೇವಲ 0.5%. ಹಾಗಾಗಿ ‘ಇಂಗು’ ಎಂದು ಬರೆದು ಸುಮ್ಮನಾಗುತ್ತಾರೆ. ಆದರೆ ಅಲರ್ಜಿ ಘೋಷಣೆಯ ನಿಯಮ ಬೇರೆ. ಅದಕ್ಕೆ ಈ 5%ದ ರಿಯಾಯಿತಿ ಅನ್ವಯಿಸುವುದಿಲ್ಲ. ಗೋಧಿ ಎಷ್ಟೇ ಕಡಿಮೆ ಇರಲಿ, ಪಾಕದಲ್ಲಿ ಸೇರಿದೆ ಎಂದರೆ ಹೇಳಲೇಬೇಕು.

ಅಷ್ಟು ಕಡಿಮೆಯದು ಯಾರಿಗೆ ಏನು ಮಾಡೀತು ಎಂದು ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಪುಡಿಗೆ 5 ಗ್ರಾಂ ಇಂಗು. ಅದರಲ್ಲಿ ಅರ್ಧ ಮೈದಾ ಎಂದಿಟ್ಟುಕೊಂಡರೆ 2.5 ಗ್ರಾಂ ಮೈದಾ. ಮೈದಾದಲ್ಲಿ ಗ್ಲುಟನ್ ಎಂಬ ಗೋಧಿಯ ಪ್ರೋಟೀನ್ ಸುಮಾರು ಹತ್ತನೇ ಒಂದು ಪಾಲು ಇರುತ್ತದೆ, ಅಂದರೆ 0.25 ಗ್ರಾಂ, ಅಥವಾ 250 ಮಿಲಿಗ್ರಾಂ. ‘ಗ್ಲುಟನ್ ರಹಿತ’ ಎಂದು ಹೇಳಿಕೊಳ್ಳಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ನಮ್ಮ ಪುಡಿ ಆ ಮಿತಿಯನ್ನು ಹನ್ನೆರಡು ಪಟ್ಟು ದಾಟಿದೆ. ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರು ಗೋಧಿ ಬಿಟ್ಟು ಅನ್ನ, ದೋಸೆ, ಇಡ್ಲಿಗೆ ಅಂಟಿಕೊಂಡಿರುತ್ತಾರೆ. ಅವರ ತಟ್ಟೆಯಲ್ಲಿ ಇಡ್ಲಿಯ ಪಕ್ಕ ದಿನವೂ ಬರುವುದು ಇದೇ ಚಟ್ನಿಪುಡಿ. ಬೇಳೆ, ಕೊಬ್ಬರಿ, ಮೆಣಸಿನಕಾಯಿ ಎಂದು ಓದಿ ನಂಬಿ ಕೊಳ್ಳುವವರಿಗೆ ಗೋಧಿ ಸಿಗುವುದು ಇಂಗಿನ ಮೂಲಕ.

ಇದಕ್ಕೆ ಪರಿಹಾರ ಎರಡು. ಅಕ್ಕಿಹಿಟ್ಟಿನ ಇಂಗಿಗೆ ಬದಲಾಯಿಸಿಕೊಳ್ಳುವುದು ಒಂದು. ಇಲ್ಲವೇ ಗೋಧಿ ಇದೆ ಎಂದು ಸ್ಪಷ್ಟವಾಗಿ ಬರೆಯುವುದು. ಮೊದಲನೆಯದನ್ನು ಮಾಡಿದರೂ ‘ಗ್ಲುಟನ್ ರಹಿತ’ ಎಂದು ತಕ್ಷಣ ಬರೆಯಬೇಡಿ. ಕಡಲೆಬೇಳೆ ಹುರಿಯುವ ಬಾಣಲೆಯಲ್ಲೇ ರವೆ ಹುರಿದಿದ್ದರೆ, ಅದೇ ಮಿಕ್ಸಿಯಲ್ಲಿ ಗೋಧಿ ನುಚ್ಚು ಮಾಡಿದ್ದರೆ ಆ ಮಾತು ನಿಲ್ಲುವುದಿಲ್ಲ. ಆ ಪದ ಬಳಸಬೇಕಾದರೆ ಪ್ರಯೋಗಾಲಯದ ವರದಿ ಕೈಯಲ್ಲಿರಬೇಕು.

ಎಫ್‌ಎಸ್‌ಎಸ್‌ಎಐ ಪಟ್ಟಿಯಲ್ಲಿ ಎಂಟು ಗುಂಪುಗಳಿವೆ: ಗ್ಲುಟನ್ ಇರುವ ಧಾನ್ಯಗಳು (ಗೋಧಿ, ಬಾರ್ಲಿ, ಓಟ್ಸ್ ಮುಂತಾದವು), ಸೀಗಡಿ–ಏಡಿಯಂಥ ಚಿಪ್ಪಿನ ಜೀವಿಗಳು, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ–ಬಾದಾಮಿಯಂಥ ಬೀಜಗಳು, ಸೋಯಾ, ಹಾಗೂ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್ ಎಂಬ ಗಂಧಕದ ರಾಸಾಯನಿಕ. ನಮ್ಮ ಹಾಳೆಯನ್ನು ಈ ಎಂಟರ ಎದುರು ಒಂದೊಂದಾಗಿ ಹಿಡಿದು ನೋಡಬೇಕು.

ಗೋಧಿ ಸಿಕ್ಕಿತು. ಮುಂದಿನದು ಶೇಂಗಾ. ಅದು ಪುಡಿಯಲ್ಲಿ ಕಾಳಾಗಿ ಇಲ್ಲ, ಎಣ್ಣೆಯಾಗಿ ಇದೆ. ಅಲರ್ಜಿಕಾರಕ ಪದಾರ್ಥದಿಂದ ತೆಗೆದ ಎಣ್ಣೆಗೆ ನಿಯಮದಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಅಲರ್ಜಿ ಬರುವುದು ಎಣ್ಣೆಯ ಕೊಬ್ಬಿನಿಂದಲ್ಲ, ಅದರಲ್ಲಿ ಉಳಿದ ಪ್ರೋಟೀನಿನಿಂದ. ರಿಫೈನ್ಡ್ ಎಣ್ಣೆಯಲ್ಲಿ ಅದು ಬಹುತೇಕ ಹೋಗಿರುತ್ತದೆ. ಗಾಣದ ಎಣ್ಣೆಯನ್ನು ಬರೀ ತಂಗಿಸಿ ಸೋಸಿರುತ್ತಾರೆ. ತಳದಲ್ಲಿ ನಿಲ್ಲುವ ಗಸಿಯೇ ಶೇಂಗಾದ ಅಂಶ ಉಳಿದಿದೆ ಎಂಬುದಕ್ಕೆ ಸಾಕ್ಷಿ. ಆದ್ದರಿಂದ ಗಾಣದ ಶೇಂಗಾ ಎಣ್ಣೆ ಬಳಸಿದ್ದರೆ ವಿನಾಯಿತಿಯ ಆಸರೆ ಹಿಡಿಯದೆ ಶೇಂಗಾ ಎಂದು ಘೋಷಿಸುವುದೇ ಸರಿಯಾದ ದಾರಿ.

ಸಲ್ಫೈಟ್ ಎಲ್ಲಿಂದ ಬಂತು ಎಂದು ಕೇಳಬಹುದು. ಬೆಲ್ಲ ಹಳದಿಯಾಗಿ, ಹೊಳಪಾಗಿ ಕಾಣಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ಆಲೆಮನೆಗಳಿವೆ. ಅದು ಗಂಧಕದ ಅಂಶ ಉಳಿಸುತ್ತದೆ. ಬೆಲ್ಲದಲ್ಲಿ ಕಿಲೋಗೆ 70 ಮಿಲಿಗ್ರಾಂ ಇದೆ ಎಂದುಕೊಂಡರೂ, ನಮ್ಮ ಪುಡಿಯಲ್ಲಿ ಬೆಲ್ಲ 4.5% ಮಾತ್ರ ಇರುವುದರಿಂದ ಅಂತಿಮವಾಗಿ ಬರುವುದು ಸುಮಾರು 3 ಮಿಲಿಗ್ರಾಂ. ಘೋಷಣೆ ಬೇಕಿಲ್ಲ. ಅದೇ ಬೆಲ್ಲದಿಂದ ಚಿಕ್ಕಿ ಮಾಡಿ ಮಾರುವವರಿಗೆ ಲೆಕ್ಕ ಬೇರೆಯಾಗುತ್ತದೆ.

ಇಷ್ಟಾದ ಮೇಲೆ ಪಾಕದಲ್ಲಿ ಇಲ್ಲದ, ಆದರೆ ಯಂತ್ರದ ಮೂಲಕ ಸೇರಬಹುದಾದ ವಸ್ತುಗಳು. ಅದೇ ಪಲ್ವರೈಸರಿನಲ್ಲಿ ಬೆಳಿಗ್ಗೆ ಗೋಡಂಬಿ ಹಾಕಿದ ಪುಡಿ ಮಾಡಿದ್ದರೆ, ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಅದು ಉಳಿದಿರುತ್ತದೆ. ಆಗ ‘ಗೋಡಂಬಿಯ ಅಂಶ ಇರಬಹುದು’ ಎಂಬ ಸಾಲು ಬೇಕು. ‘ಇದೆ’ ಮತ್ತು ‘ಇರಬಹುದು’ ಎರಡನ್ನೂ ಕಲಸಬಾರದು. ಪಾಕಕ್ಕೆ ಹಾಕಿದ್ದನ್ನು ‘ಇರಬಹುದು’ ಸಾಲಿಗೆ ತಳ್ಳುವುದು ಸುಳ್ಳು. ಇಡೀ ಎಂಟು ಗುಂಪನ್ನೂ ಅಲ್ಲಿ ತುಂಬಿಬಿಡುವುದು ಯಾರಿಗೂ ಉಪಯೋಗವಿಲ್ಲದ ಮಾತು. ಮೀನು ಕಾಲಿಡದ ಅಡುಗೆಮನೆಯಿಂದ ‘ಮೀನು ಇರಬಹುದು’ ಎಂದು ಬಂದರೆ ಓದುವವರು ಉಳಿದ ಎಚ್ಚರಿಕೆಗಳನ್ನೂ ನಂಬುವುದಿಲ್ಲ.

ಲೇಬಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು. ಕನ್ನಡವನ್ನು ಅದರ ಜೊತೆಗೆ ಸೇರಿಸಬಹುದು, ಸೇರಿಸಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷ್ ಸಾಲುಗಳನ್ನು ಟೈಪ್ ಮಾಡಬೇಕಾದ ರೂಪ ಇದು:

```
Ingredients: Bengal gram dal, Black gram dal,
Dried coconut, Byadagi chilli, Tamarind, Jaggery,
Salt, Groundnut oil, Curry leaves, Compounded
asafoetida (Edible gum, Wheat flour, Asafoetida)

Contains: Wheat, Peanut
May contain: Cashew nut
```

ಕಂಸದೊಳಗಿನ ಕ್ರಮವನ್ನು ನೀವು ಕೊಂಡ ಇಂಗಿನ ಡಬ್ಬಿಯ ಮೇಲೆ ಇದ್ದಂತೆಯೇ ನಕಲು ಮಾಡಿ. ಕನ್ನಡದ ಸಾಲಿನಲ್ಲಿ ‘ಇದರಲ್ಲಿ ಗೋಧಿ ಮತ್ತು ಶೇಂಗಾ ಇದೆ. ಗೋಡಂಬಿಯ ಅಂಶ ಇರಬಹುದು’ ಎಂದರೆ ಸಾಕು. ‘ಅಲರ್ಜನ್ ಮಾಹಿತಿ ಲಭ್ಯ’ ಎಂದೆಲ್ಲ ಸುತ್ತಬೇಡಿ.

ಎಷ್ಟು ದಿನ, ಯಾವ ಡಬ್ಬಿಯಲ್ಲಿ

ಚಟ್ನಿಪುಡಿ ಕೆಡುವುದು ಎರಡು ದಾರಿಯಲ್ಲಿ. ಒಂದು ಕಮಟು, ಇನ್ನೊಂದು ತೇವ. ಬಾಳಿಕೆಯ ಅವಧಿ ಮತ್ತು ಇಡುವ ವಿಧಾನ ಎರಡನ್ನೂ ಈ ಎರಡು ದಾರಿಗಳೇ ನಿರ್ಧರಿಸುತ್ತವೆ. ಹಾಗಾಗಿ ಇವನ್ನು ಬೇರೆಬೇರೆ ಸಾಲು ಎಂದು ಯೋಚಿಸಬಾರದು.

ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಗಿಟುಕಾಗಿದ್ದಾಗ ಆ ಎಣ್ಣೆ ಒಳಗೆ ಭದ್ರವಾಗಿರುತ್ತದೆ. ತುರಿದು, ಹುರಿದು, ಪುಡಿ ಮಾಡಿದ ಮೇಲೆ ಪ್ರತಿ ಕಣವೂ ಗಾಳಿಗೆ ತೆರೆದುಕೊಳ್ಳುತ್ತದೆ. ಗಾಳಿ, ಬೆಳಕು, ಸೆಕೆ ಮೂರೂ ಸೇರಿದರೆ ಎಣ್ಣೆ ಕೆಟ್ಟು ಕಮಟು ವಾಸನೆ ಬರುತ್ತದೆ. ತೇವವೂ ಸೇರಿದರೆ ಕೊಬ್ಬರಿಗೆ ಸೋಪಿನಂಥ ರುಚಿ. ತೇವ ಬರುವುದು ಹುಣಸೆಹಣ್ಣು ಮತ್ತು ಬೆಲ್ಲದಿಂದ. ಇವೆರಡೂ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುವ ವಸ್ತುಗಳು. ಹುಣಸೆಯನ್ನು ಸಣ್ಣ ಉರಿಯಲ್ಲಿ ಮುರಿದರೆ ಚಟಕ್ ಎನ್ನುವವರೆಗೆ ಬೆಚ್ಚಗೆ ಮಾಡದೆ ಹಾಕಿದರೆ ಪುಡಿ ಒಂದು ತಿಂಗಳಲ್ಲೇ ಗಂಟುಕಟ್ಟುತ್ತದೆ. ಇನ್ನೂ ಸಾಮಾನ್ಯ ತಪ್ಪು, ಪುಡಿ ಬಿಸಿಯಿರುವಾಗಲೇ ಪ್ಯಾಕ್ ಮಾಡುವುದು. ಒಳಗಿನ ಆವಿ ತಣ್ಣಗಾಗಿ ಕವರಿನ ಮೇಲ್ಭಾಗದಲ್ಲಿ ಹನಿಗಟ್ಟುತ್ತದೆ, ಬೂಸ್ಟು ಅಲ್ಲಿಂದಲೇ ಶುರುವಾಗುತ್ತದೆ. ಅಗಲ ತಟ್ಟೆಯಲ್ಲಿ ಹರಡಿ, ಅಂಗೈಗೆ ಪೂರ್ತಿ ತಣ್ಣಗೆ ತಾಗಿದ ಮೇಲೆಯೇ ಸೀಲ್ ಮಾಡಬೇಕು.

ಬಾಳಿಕೆ ಕಂಡುಹಿಡಿಯಲು ದುಬಾರಿ ಯಂತ್ರವಿಲ್ಲದೆಯೂ ಒಂದು ಕ್ರಮವಿದೆ. ಮಾರುವ ಪ್ಯಾಕೆಟ್‌ನಲ್ಲೇ, ಅದೇ ತೂಕದಲ್ಲಿ ಒಂದು ಬ್ಯಾಚಿನ ಹನ್ನೆರಡು ಪ್ಯಾಕೆಟ್ ತೆಗೆದಿಡಿ. ಒಂದನ್ನು ಹೋಲಿಕೆಗೆಂದು ಫ್ರೀಜರಿನಲ್ಲಿ ಇಡಿ. ಉಳಿದವನ್ನು ಮನೆಯ ಸಾಮಾನ್ಯ ಕಪಾಟಿನಲ್ಲಿ ಇಟ್ಟು ಹದಿನೈದು ದಿನಕ್ಕೊಂದರಂತೆ ಒಡೆಯಿರಿ. ಮೊದಲ ಉಸಿರಿನ ವಾಸನೆ, ನಾಲಿಗೆಯ ಮೇಲಿನ ರುಚಿ, ಕವರನ್ನು ಅಲ್ಲಾಡಿಸಿದಾಗ ಪುಡಿ ಸಲೀಸಾಗಿ ಜಾರುತ್ತದೆಯೇ ಎಂಬುದು, ಈ ಮೂರನ್ನು ಬರೆದಿಟ್ಟುಕೊಳ್ಳಿ. ಪುಡಿ ಮಾಡಿದವರೇ ಮೂಸಿ ನೋಡಿದರೆ ಸಾಲದು. ದಿನಾ ಅದೇ ವಾಸನೆಯಲ್ಲಿರುವ ಮೂಗಿಗೆ ಕಮಟು ತಡವಾಗಿ ತಿಳಿಯುತ್ತದೆ. ಹೊರಗಿನ ಇಬ್ಬರಿಗೆ ಯಾವುದು ಹಳೆಯದು ಎಂದು ಹೇಳದೆ ಕೊಡಿ. 150ನೇ ದಿನಕ್ಕೆ ಒಬ್ಬರು ಮೂಗು ಮುರಿದರೆ ಲೇಬಲ್ ಮೇಲೆ 150 ಎಂದು ಬರೆಯಬಾರದು, 120 ಎನ್ನಬೇಕು. ಡಿಸೆಂಬರಿನ ಮೈಸೂರಿನಲ್ಲಿ ಮಾಡಿದ ಪರೀಕ್ಷೆ ಏಪ್ರಿಲಿನ ಕಲಬುರಗಿಗೆ ಹೊಂದುವುದಿಲ್ಲ, ಮಳೆಗಾಲದ ಮಂಗಳೂರಿಗೂ ಹೊಂದುವುದಿಲ್ಲ. ಆದ್ದರಿಂದ ಬೇಸಿಗೆಯ ಒಂದು ಬ್ಯಾಚಿಗೂ ಇದೇ ಪರೀಕ್ಷೆ ಮಾಡಿ, ಎರಡರಲ್ಲಿ ಕಡಿಮೆ ಬಂದದ್ದನ್ನೇ ತೆಗೆದುಕೊಳ್ಳಿ. ಮೂಗಿಗೆ ತಿಳಿಯದ್ದೂ ಇರುತ್ತದೆ: ತೇವಾಂಶ, ಎಣ್ಣೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಪೆರಾಕ್ಸೈಡ್ ಮಟ್ಟ, ಬೂಸ್ಟಿನ ಎಣಿಕೆ. ಅವನ್ನು ಅವಧಿಯ ಕೊನೆಯ ಪ್ಯಾಕೆಟ್ ಕೊಟ್ಟು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ನೋಡಿಸಬೇಕು. ಹೊಸ ಪ್ಯಾಕೆಟ್ ಕೊಟ್ಟು ಪಡೆದ ವರದಿ ಬಾಳಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ದಿನಾಂಕದ ವಿಷಯದಲ್ಲಿ 2020ರ ನಿಯಮ ಒಂದು ಗೊಂದಲವನ್ನು ತೆಗೆದಿದೆ. ಪ್ಯಾಕೆಟ್ ಮೇಲೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ ಮತ್ತು ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನಾಂಕ ಕಡ್ಡಾಯ. ‘ಬೆಸ್ಟ್ ಬಿಫೋರ್’ ಬೇಕಾದರೆ ಜೊತೆಗೆ ಹಾಕಬಹುದು, ಅದೊಂದನ್ನೇ ಹಾಕುವಂತಿಲ್ಲ. ಆನ್‌ಲೈನ್ ಪುಟದಲ್ಲಿ ಮಾತ್ರ ನಿರ್ದಿಷ್ಟ ದಿನಾಂಕ ಬರೆಯಬೇಡಿ. ಮುಂದಿನ ಬ್ಯಾಚ್ ಬಂದ ದಿನ ಅದು ಸುಳ್ಳಾಗುತ್ತದೆ. ‘ಪ್ಯಾಕ್ ಮಾಡಿದ ದಿನದಿಂದ 120 ದಿನ’ ಎಂದು ಅವಧಿಯನ್ನು ಬರೆಯಿರಿ. ‘4–6 ತಿಂಗಳು’ ಎಂಬ ಅಂತರ ಬೇಡ, ಒಂದೇ ಅಂಕಿ ಸಾಕು.

ಆನ್‌ಲೈನ್ ಮಾರಾಟಕ್ಕೆ ಇನ್ನೊಂದು ಕಟ್ಟುಪಾಡಿದೆ. ಗ್ರಾಹಕರ ಕೈಸೇರುವಾಗ ಬಾಳಿಕೆಯ 30% ಅಥವಾ 45 ದಿನ ಉಳಿದಿರಬೇಕು. 120 ದಿನದ ಪುಡಿಗೆ 30% ಎಂದರೆ 36 ದಿನ. 45 ದಿನ ಅದಕ್ಕಿಂತ ಬಿಗಿ. ಬಿಗಿಯಾದದ್ದನ್ನೇ ಹಿಡಿಯೋಣ. 2026ರ ಜನವರಿ 10ರಂದು ಪ್ಯಾಕ್ ಮಾಡಿದ್ದು ಮೇ 10ಕ್ಕೆ ಮುಗಿಯುತ್ತದೆ. 45 ದಿನ ಉಳಿಯಬೇಕೆಂದರೆ ಮಾರ್ಚ್ 26ರೊಳಗೆ ಮನೆ ತಲುಪಬೇಕು. ದೂರದ ಊರಿಗೆ ಪಾರ್ಸೆಲ್ ಏಳು ದಿನ ಹಿಡಿಯುತ್ತದೆ ಎಂದರೆ ಮಾರ್ಚ್ 19ರ ನಂತರ ಆ ಬ್ಯಾಚನ್ನು ಕಳಿಸುವಂತಿಲ್ಲ. ಅಂದರೆ ನಾಲ್ಕು ತಿಂಗಳ ಪುಡಿಗೆ ಆನ್‌ಲೈನಿನಲ್ಲಿ ಮಾರಲು ಸಿಗುವುದು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಅವಧಿ ಮಾತ್ರ. ಬ್ಯಾಚ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಇದರಿಂದಲೇ ತೀರ್ಮಾನಿಸಬೇಕು. ಬಾಳಿಕೆಯೇ 40 ದಿನವಿರುವ ಕೋಡುಬಳೆಯಂಥದಕ್ಕೆ 45 ದಿನದ ಮಾತೇ ಬರುವುದಿಲ್ಲ. ಅಲ್ಲಿ 30%, ಅಂದರೆ 12 ದಿನ ಉಳಿದಿರಬೇಕು.

ಇಡುವ ವಿಧಾನವನ್ನು ‘ತಂಪಾದ ಒಣ ಜಾಗ’ ಎಂದು ಮುಗಿಸಬೇಡಿ. ಓದಿದವರು ಏನು ಮಾಡಬೇಕೆಂದು ಅದರಿಂದ ತಿಳಿಯುವುದಿಲ್ಲ. ಬಹಳ ಜನ ಅದನ್ನು ಒಲೆಯ ಪಕ್ಕದ ಮಸಾಲೆ ಸ್ಟ್ಯಾಂಡಿನಲ್ಲೇ ಇಡುತ್ತಾರೆ. ಒಡೆಯದ ಪ್ಯಾಕೆಟ್‌ಗೆ ಒಂದು ಮಾತು, ಒಡೆದ ಮೇಲಿನದಕ್ಕೆ ಇನ್ನೊಂದು ಮಾತು ಬೇಕು. ‘ಬಿಸಿಲು ಮತ್ತು ಒಲೆಯ ಸೆಕೆ ತಾಗದ ಕಪಾಟಿನಲ್ಲಿಡಿ. ಒಡೆದ ಮೇಲೆ ಗಾಳಿಯಾಡದ ಒಣ ಡಬ್ಬಿಗೆ ಹಾಕಿ, ಒಣ ಚಮಚ ಬಳಸಿ, 30 ದಿನದೊಳಗೆ ಮುಗಿಸಿ’ ಎಂದರೆ ಸ್ಪಷ್ಟ. ಆ 30 ದಿನವನ್ನೂ ಪರೀಕ್ಷಿಸಿಯೇ ಬರೆಯಬೇಕು: ಒಂದು ಪ್ಯಾಕೆಟ್ ಒಡೆದು, ದಿನಾ ಬಳಸಿದಂತೆ ತೆರೆದು ಮುಚ್ಚುತ್ತಾ ನೋಡಿ. ಫ್ರಿಜ್ಜಿನಲ್ಲಿಡಿ ಎಂಬ ಸಲಹೆ ಇಲ್ಲಿ ಕೇಡೇ ಹೆಚ್ಚು. ತಣ್ಣನೆಯ ಡಬ್ಬಿಯನ್ನು ಹೊರತೆಗೆದು ಮುಚ್ಚಳ ತೆರೆದಾಗ ಹೊರಗಿನ ಗಾಳಿಯ ನೀರು ಪುಡಿಯ ಮೇಲೆ ಕೂರುತ್ತದೆ.

ತೂಕ ಬರೆಯುವ ರೂಪ

ತೂಕದ ಸಾಲು ಅತಿ ಚಿಕ್ಕದು, ತಪ್ಪುಗಳು ಮಾತ್ರ ಅದರಲ್ಲೇ ಹೆಚ್ಚು. ಕಾನೂನು ಮಾಪನಶಾಸ್ತ್ರ ಇಲಾಖೆ ನೋಡಿಕೊಳ್ಳುವ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಗ್ರಾಮಿಗೆ ಚಿಹ್ನೆ `g`, ಕಿಲೋಗ್ರಾಮಿಗೆ `kg`. ಬಹುವಚನದ ಅಕ್ಷರ ಇಲ್ಲ, ಕೊನೆಯಲ್ಲಿ ಚುಕ್ಕೆ ಇಲ್ಲ. ಅಂಕಿಗೂ ಚಿಹ್ನೆಗೂ ನಡುವೆ ಒಂದು ಸ್ಪೇಸ್ ಇರುವುದು ಸರಿಯಾದ ಕ್ರಮ.

```
ಸರಿ:   200 g     1 kg      1.5 kg
ತಪ್ಪು: 200gms   200 Gm.   0.2 kg   1000 g
```

ಒಂದು ಕಿಲೋಗಿಂತ ಕಡಿಮೆಯಾದರೆ ಗ್ರಾಮಿನಲ್ಲೇ, ಒಂದು ಕಿಲೋ ಮತ್ತು ಮೇಲ್ಪಟ್ಟರೆ ಕಿಲೋಗ್ರಾಮಿನಲ್ಲಿ. ‘ಸುಮಾರು’, ‘ಕನಿಷ್ಠ’, ‘ಸರಾಸರಿ’ ಎಂಬ ಪದಗಳು ಪಕ್ಕದಲ್ಲಿ ಬರಬಾರದು. ‘ಕಾಲು ಕೆಜಿ’ ಎಂಬುದು ಮಾತಿಗೆ ಚೆಂದ, ತೂಕದ ಸಾಲಿಗೆ `250 g` ಎಂದೇ ಬೇಕು.

ಆನ್‌ಲೈನ್ ಫಾರಂ ತುಂಬುವಾಗ ಇನ್ನೊಂದು ಹಳ್ಳವಿದೆ. ಅಲ್ಲಿ ಉತ್ಪನ್ನದ ನಿವ್ವಳ ತೂಕ ಮತ್ತು ಪಾರ್ಸೆಲ್ ತೂಕ ಎಂದು ಎರಡು ಬೇರೆ ಖಾನೆಗಳಿರುತ್ತವೆ. ಪುಡಿ 200 ಗ್ರಾಂ, ಕವರು, ರಟ್ಟಿನ ಪೆಟ್ಟಿಗೆ, ಟೇಪು ಸೇರಿ 260 ಗ್ರಾಂ. ಕೊರಿಯರ್ ದರ ಸರಿಬರಲೆಂದು 260ನ್ನು ಎರಡೂ ಕಡೆ ತುಂಬಿದರೆ, ಪುಟದಲ್ಲಿ 260 ಗ್ರಾಂ ಎಂದು ತೋರುತ್ತದೆ, ಫೋಟೋದ ಪ್ಯಾಕೆಟ್ ಮೇಲೆ 200 ಎಂದಿರುತ್ತದೆ. ಯೂನಿಟ್ ಬೆಲೆಯೂ ಕೆಡುತ್ತದೆ. ಪ್ಯಾಕೆಟ್‌ಗೆ 140 ರೂಪಾಯಿ ಎಂದರೆ ಗ್ರಾಮಿಗೆ ಬೆಲೆ 0.70 ರೂಪಾಯಿ. 260ರಿಂದ ಭಾಗಿಸಿದರೆ 0.54 ಎಂದು ಬಂದು, ಬೇರೆಯವರ ಪುಡಿಗಿಂತ ಅಗ್ಗ ಎಂದು ಸುಳ್ಳೇ ತೋರುತ್ತದೆ. ಇದು ದೂರು ಬರುವ ಜಾಗ.

ಎರಡು ಪ್ಯಾಕೆಟ್‌ಗಳ ಕಟ್ಟಾದರೆ ಒಂದರ ತೂಕ, ಎಣಿಕೆ, ಒಟ್ಟು ಮೂರೂ ಕಾಣಬೇಕು: `400 g (2 x 200 g)`. ಬರೀ `200 g` ಎಂದರೂ ಬರೀ `400 g` ಎಂದರೂ ಕೊಳ್ಳುವವರಿಗೆ ಏನು ಬರುತ್ತದೆಂದು ತಿಳಿಯದು. ಜಾಡಿಯ ಗಾತ್ರವನ್ನು ತೂಕ ಎಂದುಕೊಳ್ಳುವ ತಪ್ಪು ಜೇನು ಮಾರುವವರಲ್ಲಿ ಹೆಚ್ಚು: 500 ಮಿಲಿಲೀಟರ್ ಬಾಟಲಿಯಲ್ಲಿ ಜೇನು ಸುಮಾರು 700 ಗ್ರಾಂ ಹಿಡಿಸುತ್ತದೆ. ಪುಡಿಗೆ ಇದು ತಿರುಗುಮುರುಗು. ಅದೇ ಬಾಟಲಿಯಲ್ಲಿ ಚಟ್ನಿಪುಡಿ 500 ಗ್ರಾಂ ಹಿಡಿಸುವುದಿಲ್ಲ.

ಬರೆದಷ್ಟು ತುಂಬಿದೆಯೇ ಎಂಬುದೂ ಇದೇ ಸಾಲಿನ ಭಾಗ. 200 ಗ್ರಾಂ ಪ್ಯಾಕೆಟ್‌ನಲ್ಲಿ ಒಂದೊಂದರ ವ್ಯತ್ಯಾಸಕ್ಕೆ ನಿಯಮ 4.5%, ಅಂದರೆ 9 ಗ್ರಾಂ ಬಿಡುತ್ತದೆ. ಇದನ್ನು 191 ಗ್ರಾಂ ತುಂಬಲು ಕೊಟ್ಟ ಅನುಮತಿ ಎಂದು ತಿಳಿಯಬಾರದು. ಪರೀಕ್ಷೆಗೆ ತೆಗೆದ ಪ್ಯಾಕೆಟ್‌ಗಳ ಸರಾಸರಿ 200ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಖಾಲಿ ಕವರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, 202 ಗ್ರಾಮಿನ ಗುರಿ ಇಟ್ಟುಕೊಂಡು ತುಂಬಿದರೆ ಎರಡೂ ನಿಯಮಕ್ಕೆ ಹೊಂದುತ್ತದೆ. ಆ ತಕ್ಕಡಿಗೆ ಇಲಾಖೆಯ ಮುದ್ರೆ ಇರಬೇಕು. ಅಡುಗೆಮನೆಗೆ ಕೊಂಡ ಅಗ್ಗದ ತಕ್ಕಡಿ ವ್ಯಾಪಾರಕ್ಕೆ ನಡೆಯುವುದಿಲ್ಲ.

ಗಡಿ ದಾಟಿದರೆ

ಹೊರದೇಶದ ಕನ್ನಡಿಗರಿಂದ ಚಟ್ನಿಪುಡಿಗೆ ಬೇಡಿಕೆ ಬರುತ್ತದೆ. ಆಗ ಭಾರತದ ಎಂಟು ಗುಂಪಿನ ಪಟ್ಟಿ ಸಾಲುವುದಿಲ್ಲ. ಬ್ರಿಟನ್ ಮತ್ತು ಯುರೋಪಿನ ಪಟ್ಟಿಯಲ್ಲಿ ಹದಿನಾಲ್ಕಿವೆ, ಅದರಲ್ಲಿ ಎಳ್ಳು ಮತ್ತು ಸಾಸಿವೆ ಸೇರಿವೆ. ಒಗ್ಗರಣೆಗೆ ಹಾಕಿದ ಅರ್ಧ ಚಮಚ ಸಾಸಿವೆ ನಮ್ಮಲ್ಲಿ ಬರೀ ಪದಾರ್ಥ, ಅಲ್ಲಿ ಅಲರ್ಜಿಕಾರಕ. ಪಟ್ಟಿಯಲ್ಲೇ ಅದನ್ನು ದಪ್ಪ ಅಕ್ಷರದಂಥ ಬೇರೆ ರೂಪದಲ್ಲಿ ಎದ್ದು ಕಾಣಿಸಬೇಕು. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳು ಒಂಬತ್ತನೆಯ ಅಲರ್ಜಿಕಾರಕವಾಗಿ ಸೇರಿತು. ತೆಂಗನ್ನು ಅಲ್ಲಿ ಬೀಜಗಳ ಗುಂಪಿನಲ್ಲಿ ಎಣಿಸುತ್ತಿದ್ದರು, 2025ರ ಜನವರಿಯಲ್ಲಿ ಆ ಪಟ್ಟಿಯಿಂದ ಕೈಬಿಟ್ಟರು. ತೂಕವನ್ನು ಅಲ್ಲಿ ಔನ್ಸ್ ಮತ್ತು ಗ್ರಾಂ ಎರಡರಲ್ಲೂ ಬರೆಯಬೇಕು: `NET WT 7.05 OZ (200 g)`. ದಿನಾಂಕವನ್ನು `05/06/26` ಎಂದು ಬರೀ ಅಂಕಿಯಲ್ಲಿ ಹಾಕಿದರೆ ನಾವು ಜೂನ್ 5 ಎಂದು ಓದುವುದನ್ನು ಅವರು ಮೇ 6 ಎಂದು ಓದುತ್ತಾರೆ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಆ ಗೊಂದಲ ಇರುವುದಿಲ್ಲ.

ಒಂದು ಸಲ ಬರೆದ ಮೇಲೆ

ಪುಟದಲ್ಲಿ ಒಂದೇ ಮಾಹಿತಿ ಮೂರು ಕಡೆ ಇರುತ್ತದೆ: ಫಾರಂನ ಖಾನೆಗಳಲ್ಲಿ, ವಿವರಣೆಯ ಸಾಲುಗಳಲ್ಲಿ, ಪ್ಯಾಕೆಟ್ ಹಿಂಬದಿಯ ಫೋಟೋದಲ್ಲಿ. ಒಂದನ್ನು ತಿದ್ದಿ ಉಳಿದೆರಡನ್ನು ಮರೆಯುವುದು ದಿನನಿತ್ಯದ ತಪ್ಪು. ಅಲರ್ಜಿ ಇರುವವರು ಹೆಚ್ಚಾಗಿ ಹಿಂಬದಿಯ ಫೋಟೋವನ್ನೇ ದೊಡ್ಡದು ಮಾಡಿ ಓದುತ್ತಾರೆ. ಆದ್ದರಿಂದ ಹಳೆಯ ಲೇಬಲಿನ ಫೋಟೋ ಉಳಿದರೆ ಹೊಸದಾಗಿ ಬರೆದದ್ದೆಲ್ಲ ವ್ಯರ್ಥ.

ಬದಲಾವಣೆ ಸದ್ದಿಲ್ಲದೆ ಬರುವುದು ಸಾಮಗ್ರಿ ತರುವಾಗ. ಪಾಕ ಅದೇ ಇರುತ್ತದೆ, ಅಂಗಡಿಯಲ್ಲಿ ಎಂದಿನ ಇಂಗು ಸಿಗದೆ ಬೇರೆ ಬ್ರಾಂಡಿನದು ಮನೆಗೆ ಬಂದಿರುತ್ತದೆ. ಹಿಂದಿನದು ಅಕ್ಕಿಹಿಟ್ಟಿನದು, ಇದು ಮೈದಾದ್ದು. ರುಚಿಯಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಬ್ಯಾಚಿನ ಹಾಳೆಯಲ್ಲಿ ಇಂಗು, ಎಣ್ಣೆ, ಬೆಲ್ಲ ಈ ಮೂರರ ಬ್ರಾಂಡನ್ನು ಬರೆದು, ಡಬ್ಬಿಯ ಹಿಂಬದಿಯ ಒಂದು ಫೋಟೋ ತೆಗೆದು ಹಾಳೆಯ ಜೊತೆ ಇಡಿ. ಹಿಂದಿನ ಬ್ಯಾಚಿನ ಫೋಟೋಗೂ ಇದಕ್ಕೂ ಒಂದು ಪದ ಬೇರೆಯಾಗಿದ್ದರೂ, ಆ ಬ್ಯಾಚಿನ ಪುಡಿಯನ್ನು ಸೀಲ್ ಮಾಡುವ ಮೊದಲು ಲೇಬಲ್ಲನ್ನೂ ಪುಟವನ್ನೂ ತಿದ್ದಬೇಕು.